ಹಳೆಯ ಟ್ಯಾಕ್ಸ್, ಆಡಿಟ್ ಉತ್ತರಗಳನ್ನು ಹೊಸ ಕಾನೂನಿಗೆ ತಿದ್ದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಕಾಂ ಮತ್ತು ಸಿಎ ಇಂಟರ್ ಓದುವ ಮಕ್ಕಳಿಗೆ ಸಂಜೆ ಹೊತ್ತು ಟ್ಯಾಕ್ಸ್ ಪಾಠ ಮಾಡುತ್ತೇನೆ. ಸೀನಿಯರ್‌ಗಳು ಕೊಟ್ಟ ಹಳೆಯ ಸಾಲ್ವ್ಡ್ ಪೇಪರ್ ಹಿಡಿದುಕೊಂಡು ಬಂದು, "ಸರ್, ಇದರಲ್ಲಿ ಏನೇನು ಬದಲಾಗಿದೆ?" ಅಂತ ಕೇಳುವವರು ಪ್ರತಿ ವರ್ಷ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಆಡಿಟ್‌ನ ವಿಷಯ ಕೊನೆಯ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ಒಂದೇ ಲೆಕ್ಕವನ್ನು ಹಿಡಿದುಕೊಂಡು ಹೋಗೋಣ: ಮನೆ ಮಾರಿದಾಗ ಬರುವ ಕ್ಯಾಪಿಟಲ್ ಗೇನ್. ಹತ್ತು ವರ್ಷದಲ್ಲಿ ಇಷ್ಟು ಸಲ ಬದಲಾದ ಲೆಕ್ಕ ನಿಮ್ಮ ಪುಸ್ತಕದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಕಾನೂನು ಬದಲಾಯಿತು ಅಂದರೆ ಹಳೆಯ ಉತ್ತರ ತಪ್ಪು ಅಂತಲೇ?

ಅಲ್ಲ. ಆ ವರ್ಷಕ್ಕೆ ಅದು ಸರಿಯಾದ ಉತ್ತರ. 2016ರ ಪೇಪರಿನ ಉತ್ತರದಲ್ಲಿ ಸೆಸ್ 3% ಇದ್ದರೆ ಅದು ಹಾಗೇ ಇರಬೇಕು. ಅದನ್ನು ಪೆನ್ನಿನಿಂದ ಹೊಡೆದು 4% ಮಾಡಿದರೆ, ಸರಿ ಇದ್ದ ಉತ್ತರವನ್ನು ನೀವೇ ಕೆಡಿಸಿದ ಹಾಗೆ.

ನಿಮ್ಮ ಮುಂದೆ ಎರಡೇ ದಾರಿ. ಪ್ರಶ್ನೆ, ಉತ್ತರ ಎರಡನ್ನೂ ಹಾಗೇ ಬಿಟ್ಟು, ಮೇಲೆ "ಅಸೆಸ್‌ಮೆಂಟ್ ಇಯರ್ 2016-17ರ ಕಾನೂನಿನಂತೆ" ಅಂತ ಬರೆದಿಡುವುದು ಒಂದು. ಪ್ರಶ್ನೆಯ ದಿನಾಂಕಗಳನ್ನೇ ಮುಂದಕ್ಕೆ ತಂದು, ಉತ್ತರವನ್ನು ಮೊದಲ ಸಾಲಿನಿಂದ ಹೊಸದಾಗಿ ಬರೆಯುವುದು ಇನ್ನೊಂದು. ಪ್ರಶ್ನೆಯಲ್ಲಿ 2015ರ ಮಾರಾಟ, ಉತ್ತರದಲ್ಲಿ 2024ರ ರೇಟ್ ಅಂತ ಆಯಿತೋ, ಆ ಉತ್ತರ ಯಾವ ವರ್ಷಕ್ಕೂ ಸರಿಹೊಂದುವುದಿಲ್ಲ.

ಬರೀ ರೇಟ್ ಬದಲಿಸಿದರೆ ಸಾಲದೇ?

ನಾನೂ ಒಂದು ಕಾಲದಲ್ಲಿ ಸಾಕು ಅಂದುಕೊಂಡಿದ್ದೆ. 2018ರ ಬಜೆಟ್‌ನಲ್ಲಿ ಸೆಸ್ 4% ಆದಾಗ ನನ್ನ ನೋಟ್ಸಿನಲ್ಲಿ 3 ಇದ್ದಲ್ಲೆಲ್ಲ 4 ಮಾಡಿದೆ. ಪ್ರಶ್ನೆಗಳ ವರ್ಷವನ್ನು ಮುಟ್ಟಲಿಲ್ಲ. ಅವು ಅಸೆಸ್‌ಮೆಂಟ್ ಇಯರ್ 2018-19ರ ಪ್ರಶ್ನೆಗಳು. 4% ಶುರುವಾಗಿದ್ದು 2019-20ರಿಂದ. ಒಬ್ಬ ಹುಡುಗಿ ಅದನ್ನೇ ನಂಬಿ ಪರೀಕ್ಷೆಯಲ್ಲಿ ಬರೆದು ಬಂದಳು. ಮನೆಗೆ ಹೋಗಿ ತಾಳೆ ನೋಡಿ, ಫೋನ್ ಮಾಡಿ ಕೇಳಿದಳು. ಆ ತಪ್ಪು ನನ್ನದೇ. ಅವತ್ತಿನಿಂದ ನಾನು ಮೊದಲು ಮುಟ್ಟುವುದು ದಿನಾಂಕವನ್ನು. ರೇಟಿನ ಸರದಿ ಕೊನೆಗೆ ಬರುತ್ತದೆ.

ಯಾವ ವರ್ಷದ ಕಾನೂನಿಗೆ ತಿದ್ದಬೇಕು?

ನೀವು ಬರೆಯುವ ಪರೀಕ್ಷೆಗೆ ಯಾವುದು ಅನ್ವಯವೋ ಅದಕ್ಕೆ. ಇವತ್ತು ಜಾರಿಯಲ್ಲಿರುವ ಕಾನೂನೇ ನಿಮ್ಮ ಪರೀಕ್ಷೆಯ ಕಾನೂನು ಆಗಿರಬೇಕಿಲ್ಲ. ಯೂನಿವರ್ಸಿಟಿ ಪೇಪರ್ ಆದರೆ ಸಾಮಾನ್ಯವಾಗಿ ಪ್ರಶ್ನೆಯಲ್ಲೇ ಅಸೆಸ್‌ಮೆಂಟ್ ಇಯರ್ ಕೊಟ್ಟಿರುತ್ತಾರೆ. ಸಿಎ ಪರೀಕ್ಷೆಗೆ ಐಸಿಎಐ ಪ್ರತಿ ಸಲ ಯಾವ ಫೈನಾನ್ಸ್ ಆಕ್ಟ್, ಯಾವ ಅಸೆಸ್‌ಮೆಂಟ್ ಇಯರ್ ಅಂತ ಪ್ರಕಟಿಸುತ್ತದೆ. ನೋಟಿಫಿಕೇಶನ್, ಸರ್ಕ್ಯುಲರ್‌ಗಳಿಗೆ ಪರೀಕ್ಷೆಗಿಂತ ಸುಮಾರು ಆರು ತಿಂಗಳು ಹಿಂದಿನ ಒಂದು ಕೊನೆಯ ದಿನ ಇರುತ್ತದೆ. ಮೇ 2025ರ ಪರೀಕ್ಷೆಗೆ 2024ರ ಎರಡನೇ ಫೈನಾನ್ಸ್ ಆಕ್ಟ್, ಅಸೆಸ್‌ಮೆಂಟ್ ಇಯರ್ 2025-26 ಇತ್ತು. 2025ರ ಫೆಬ್ರವರಿ ಬಜೆಟ್ ಅಷ್ಟರಲ್ಲಿ ಬಂದಾಗಿತ್ತು. ಟಿವಿಯಲ್ಲಿ ಕೇಳಿದ ಆ ಹೊಸ ಸ್ಲ್ಯಾಬ್‌ಗಳನ್ನು ಮೇ ಪರೀಕ್ಷೆಯಲ್ಲಿ ಬರೆದಿದ್ದರೆ ತಪ್ಪಾಗುತ್ತಿತ್ತು.

ಕೆಳಗಿನ ಲೆಕ್ಕವನ್ನು 2025-26ಕ್ಕೆ ತಿದ್ದಿದ್ದೇನೆ.

ಸರಿ, ಒಂದು ಹಳೆಯ ಲೆಕ್ಕ ತೋರಿಸಿ.

ಪ್ರಶ್ನೆ ಹೀಗಿದೆ ಅಂದುಕೊಳ್ಳಿ. ಭಾರತದ ರೆಸಿಡೆಂಟ್ ಆಗಿರುವ ಶ್ರೀಮತಿ ಎ ಅವರು ಜೂನ್ 2005ರಲ್ಲಿ ಮೈಸೂರಿನಲ್ಲಿ 10,00,000 ರೂಪಾಯಿಗೆ ವಾಸದ ಮನೆ ಕೊಂಡರು. ಡಿಸೆಂಬರ್ 2015ರಲ್ಲಿ 60,00,000ಕ್ಕೆ ಮಾರಿದರು. ಮಾರ್ಚ್ 2016ರಲ್ಲಿ 20,00,000 ಕೊಟ್ಟು ಇನ್ನೊಂದು ಮನೆ ಕೊಂಡರು. ಸಂಬಳ ಬೇರೆ ಇದೆ. ಹಾಗಾಗಿ ತೆರಿಗೆ ಇಲ್ಲದ ಮೊದಲ ಮೊತ್ತ ಅದರಲ್ಲೇ ಮುಗಿದಿದೆ. ಮನೆ ಮಾರಿದ ಲಾಭದ ಮೇಲೆ ತೆರಿಗೆ ಎಷ್ಟು?

ಹಳೆಯ ಉತ್ತರದಲ್ಲಿ ಇಂಡೆಕ್ಸ್ ಹಾಕಿದ್ದಾರೆ. 2005-06ಕ್ಕೆ 497, 2015-16ಕ್ಕೆ 1081.

```
ಇಂಡೆಕ್ಸ್ ಮಾಡಿದ ವೆಚ್ಚ = 10,00,000 × 1081 / 497 = 21,75,050
ಲಾಭ = 60,00,000 − 21,75,050 = 38,24,950
ಸೆಕ್ಷನ್ 54 ವಿನಾಯಿತಿ = 20,00,000
ತೆರಿಗೆಗೆ ಬರುವ ಲಾಭ = 18,24,950
ತೆರಿಗೆ 20% = 3,64,990
ಸೆಸ್ 3% ಸೇರಿ = 3,75,940
```

ಅಸೆಸ್‌ಮೆಂಟ್ ಇಯರ್ 2016-17ಕ್ಕೆ ಇದರಲ್ಲಿ ಒಂದು ಅಂಕಿಯೂ ತಪ್ಪಿಲ್ಲ.

ಇದರಲ್ಲಿ ಯಾವ ದಿನಾಂಕ ಮುಂದೆ ತಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ ಏನನ್ನು ಪರೀಕ್ಷೆ ಮಾಡುತ್ತಿದೆ ಎಂದು ಮೊದಲು ನೋಡಿ. ಇಲ್ಲಿ ಕೇಳಿರುವುದು ಲಾಂಗ್ ಟರ್ಮ್ ಲಾಭದ ಲೆಕ್ಕ ಮತ್ತು ಸೆಕ್ಷನ್ 54. ಕೊಂಡ ದಿನಾಂಕ 2005ರಲ್ಲೇ ಇದ್ದರೂ ತೊಂದರೆ ಇಲ್ಲ. ಮನೆ ಇನ್ನಷ್ಟು ವರ್ಷ ಅವರ ಬಳಿ ಇತ್ತು ಎಂದಾಗುತ್ತದೆ, ಅಷ್ಟೇ. ಮಾರಿದ ದಿನವನ್ನು ಡಿಸೆಂಬರ್ 2024ಕ್ಕೆ ತಂದೆ. ಅದರ ಜೊತೆಗೇ ಹೊಸ ಮನೆಯನ್ನು ಮಾರ್ಚ್ 2025ಕ್ಕೆ ತರಬೇಕು. ಸೆಕ್ಷನ್ 54ರಲ್ಲಿ ಹೊಸ ಮನೆಯನ್ನು ಮಾರಾಟಕ್ಕೆ ಒಂದು ವರ್ಷ ಮುಂಚೆಯಿಂದ ಎರಡು ವರ್ಷದ ನಂತರದವರೆಗೆ ಕೊಳ್ಳಬಹುದು. ಕಟ್ಟಿಸುವುದಾದರೆ ಮೂರು ವರ್ಷ. ಹೊಸ ಮನೆಯ ದಿನಾಂಕವನ್ನು 2016ರಲ್ಲೇ ಮರೆತುಬಿಟ್ಟರೆ ವಿನಾಯಿತಿಯೇ ಹೋಗುತ್ತದೆ. ಮಕ್ಕಳು ಜಾಸ್ತಿ ಮರೆಯುವುದು ಈ ಮೂರನೇ ದಿನಾಂಕವನ್ನೇ.

ಶಾರ್ಟ್ ಟರ್ಮೋ ಲಾಂಗ್ ಟರ್ಮೋ ಎಂಬುದೇ ಪ್ರಶ್ನೆಯಾಗಿದ್ದರೆ ಕೊಂಡ ದಿನವನ್ನೂ ಅಷ್ಟೇ ವರ್ಷ ಮುಂದೆ ತಳ್ಳಿ. ಇಲ್ಲದಿದ್ದರೆ ಪ್ರಶ್ನೆಯ ಜೀವವೇ ಹೋಗುತ್ತದೆ.

ಇಂಡೆಕ್ಸ್ ನಂಬರ್ ಒಂದನ್ನು ಮಾತ್ರ ಬದಲಿಸಿದರೆ ಆಯಿತಲ್ವಾ?

ಎರಡನ್ನೂ ಬದಲಿಸಬೇಕು. 497 ಮತ್ತು 1081 ಎರಡೂ 1981-82ನ್ನು 100 ಎಂದು ಇಟ್ಟುಕೊಂಡ ಪಟ್ಟಿಯ ಅಂಕಿಗಳು. 2017ರ ಫೈನಾನ್ಸ್ ಆಕ್ಟ್ ಮೂಲ ವರ್ಷವನ್ನು 2001ಕ್ಕೆ ತಂದಿತು. ಹೊಸ ಪಟ್ಟಿಯಲ್ಲಿ 2001-02ಕ್ಕೆ 100. ಅದರಲ್ಲಿ 2005-06ಕ್ಕೆ 117, 2024-25ಕ್ಕೆ 363.

ಮೇಲಿನ ಅಂಕಿ ಮಾತ್ರ ಬದಲಿಸಿ 363ನ್ನು 497ರಿಂದ ಭಾಗಿಸಿದರೆ 10 ಲಕ್ಷದ ಮನೆಯ ಇಂಡೆಕ್ಸ್ ವೆಚ್ಚ 7,30,382 ಬರುತ್ತದೆ. ಕೊಟ್ಟ ದುಡ್ಡಿಗಿಂತ ಕಡಿಮೆ! ಇಂಡೆಕ್ಸ್ ಮಾಡಿದ ವೆಚ್ಚ ಮೂಲ ವೆಚ್ಚಕ್ಕಿಂತ ಕೆಳಗೆ ಇಳಿದಿದೆ ಅಂದರೆ ಎರಡು ಪಟ್ಟಿ ಬೆರೆತಿದೆ ಅಂತಲೇ ತಿಳಿಯಿರಿ.

ಹಾಗಾದರೆ ಹೊಸ ಉತ್ತರ ಏನು?

ಇಲ್ಲಿ 23 ಜುಲೈ 2024 ಎಂಬ ದಿನಾಂಕ ಬಹಳ ಮುಖ್ಯ. ಅವತ್ತಿನಿಂದ ಆದ ಮಾರಾಟಕ್ಕೆ ಇಂಡೆಕ್ಸೇಶನ್ ಇಲ್ಲ, ರೇಟ್ 12.5%. ಆದರೆ ಜಮೀನು, ಕಟ್ಟಡಕ್ಕೆ ಒಂದು ರಿಯಾಯಿತಿ ಉಳಿಸಿದ್ದಾರೆ. ಮಾರಿದವರು ರೆಸಿಡೆಂಟ್ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಆಗಿರಬೇಕು. ಆಸ್ತಿಯನ್ನು 23 ಜುಲೈ 2024ಕ್ಕಿಂತ ಮುಂಚೆ ಕೊಂಡಿರಬೇಕು. ಆಗ ಹಳೆಯ ರೀತಿಯಲ್ಲಿ, ಅಂದರೆ ಇಂಡೆಕ್ಸ್ ಹಾಕಿ 20% ರೀತಿಯಲ್ಲಿ, ತೆರಿಗೆ ಎಷ್ಟಾಗುತ್ತಿತ್ತು ಎಂದು ಪಕ್ಕದಲ್ಲಿ ಲೆಕ್ಕ ಮಾಡಬೇಕು. 12.5% ತೆರಿಗೆ ಅದಕ್ಕಿಂತ ಜಾಸ್ತಿ ಬಂದರೆ, ಆ ಜಾಸ್ತಿ ಮೊತ್ತವನ್ನು ಬಿಟ್ಟುಬಿಡುತ್ತಾರೆ.

ಅದಕ್ಕೇ ಹೊಸ ಉತ್ತರದಲ್ಲಿ ಎರಡು ಲೆಕ್ಕ ಇರುತ್ತದೆ. ಮೊದಲನೆಯದು ನಿಜವಾದ ಲೆಕ್ಕ:

```
ಲಾಭ = 60,00,000 − 10,00,000 = 50,00,000
ಸೆಕ್ಷನ್ 54 = 20,00,000
ತೆರಿಗೆಗೆ ಬರುವ ಲಾಭ = 30,00,000
ತೆರಿಗೆ 12.5% = 3,75,000
```

ಎರಡನೆಯದು ಹೋಲಿಕೆಗೆ ಮಾತ್ರ:

```
ಇಂಡೆಕ್ಸ್ ಮಾಡಿದ ವೆಚ್ಚ = 10,00,000 × 363 / 117 = 31,02,564
ಲಾಭ = 28,97,436
ಸೆಕ್ಷನ್ 54 = 20,00,000
ಉಳಿದದ್ದು = 8,97,436
ತೆರಿಗೆ 20% = 1,79,487
```

ಜಾಸ್ತಿ ಬಂದದ್ದು 1,95,513. ಅದನ್ನು ಬಿಟ್ಟರೆ ತೆರಿಗೆ 1,79,487. ಅದಕ್ಕೆ 4% ಸೆಸ್ ಸೇರಿಸಿ, ಹತ್ತರ ಹತ್ತಿರಕ್ಕೆ ತಂದರೆ 1,86,670. ಹಳೆಯ ಉತ್ತರದ ಆಕಾರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ನೋಡಿ. ಹಳೆಯ ಸಾಲುಗಳಲ್ಲಿ ಅಂಕಿ ಬದಲಿಸುತ್ತಾ ಹೋಗಿದ್ದರೆ ಇಲ್ಲಿಗೆ ಬಂದು ಮುಟ್ಟುತ್ತಲೇ ಇರಲಿಲ್ಲ.

ಕೊನೆಗೆ 20% ಲೆಕ್ಕವೇ ಗೆದ್ದಿತಲ್ಲ. ಹಾಗಾದರೆ ಆದಾಯ 8,97,436 ಅಂತ ಬರೆದರೆ ಏನಾಯಿತು?

ತಪ್ಪಾಯಿತು. ನಾನು ತಿದ್ದುವ ಉತ್ತರಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ರಿಯಾಯಿತಿ ಇರುವುದು ತೆರಿಗೆಯ ಮೊತ್ತದಲ್ಲಿ ಮಾತ್ರ. ಆದಾಯದ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಕ್ಯಾಪಿಟಲ್ ಗೇನ್ ತಲೆಬರಹದ ಕೆಳಗೆ ಬರೆಯಬೇಕಾದ್ದು 30,00,000.

ಇದು ಅರ್ಥವಾಗಲು ಒಂದು ಚಿಕ್ಕ ಕಸರತ್ತು ಮಾಡಿ. ಅದೇ ಮನೆಯನ್ನು ಡಿಸೆಂಬರ್ ಬದಲು ಮೇ 2024ರಲ್ಲಿ ಮಾರಿದ್ದರು ಅಂದುಕೊಳ್ಳಿ. ಹಣಕಾಸು ವರ್ಷ ಅದೇ 2024-25, ಇಂಡೆಕ್ಸ್ ಅದೇ 363. ಆದರೆ 23 ಜುಲೈಗಿಂತ ಮುಂಚೆ. ಆಗ ಹಳೆಯ ನಿಯಮವೇ ನೇರವಾಗಿ ಅನ್ವಯ. ಆದಾಯ 8,97,436, ತೆರಿಗೆ 1,79,487. ಡಿಸೆಂಬರ್‌ನಲ್ಲಿ ಮಾರಿದರೆ ಆದಾಯ 30,00,000, ತೆರಿಗೆ ಅದೇ 1,79,487. ತೆರಿಗೆ ಒಂದೇ, ಆದಾಯ ಬೇರೆ.

ಇದರಿಂದ ಏನು ವ್ಯತ್ಯಾಸ ಅಂತ ಕೇಳುತ್ತೀರಿ. ಅವರ ಸಂಬಳದ ಆದಾಯ 22 ಲಕ್ಷ ಇದ್ದರೆ ಒಟ್ಟು ಆದಾಯ 52 ಲಕ್ಷ ಆಗುತ್ತದೆ. 50 ಲಕ್ಷ ದಾಟಿತೇ, ಸರ್‌ಚಾರ್ಜ್ ಯೋಚಿಸಬೇಕೇ ಎಂದು ನೋಡುವುದು ಈ ಮೊತ್ತದ ಮೇಲೆ. 8,97,436 ಎಂದು ಬರೆದವರಿಗೆ ಆ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ವಿಷಯ: ಹೋಲಿಕೆಯ ಲೆಕ್ಕದಲ್ಲಿ ಇಂಡೆಕ್ಸ್ ಹಾಕಿದ ಮೇಲೆ ನಷ್ಟ ಬಂದರೆ, ಆ ನಷ್ಟವನ್ನು ಬೇರೆ ಲಾಭದ ಎದುರು ಕಳೆಯಲು ಆಗುವುದಿಲ್ಲ. ತೆರಿಗೆ ಸೊನ್ನೆ ಆಗಬಹುದು, ನಷ್ಟ ಮುಂದಕ್ಕೆ ಹೋಗುವುದಿಲ್ಲ. "ಇಂಡೆಕ್ಸೇಶನ್ ನಂತರ ನಷ್ಟ, ಮುಂದಿನ ವರ್ಷಕ್ಕೆ ಒಯ್ಯಬಹುದು" ಅಂತ ಮುಗಿಯುವ ಹಳೆಯ ಉತ್ತರ ಇದ್ದರೆ ಅದರ ಕೊನೆಯ ಸಾಲನ್ನು ಪೂರ್ತಿ ಬದಲಿಸಬೇಕು.

ಯಾವಾಗಲೂ 20% ಲೆಕ್ಕವೇ ಲಾಭವೇ?

ಇಲ್ಲ. ಮನೆಯನ್ನು 2005ರ ಬದಲು 2015-16ರಲ್ಲಿ ಕೊಂಡಿದ್ದರೆ ನೋಡಿ. ಹೊಸ ಪಟ್ಟಿಯಲ್ಲಿ ಆ ವರ್ಷದ ಇಂಡೆಕ್ಸ್ 254. ಇಂಡೆಕ್ಸ್ ವೆಚ್ಚ 14,29,134. ಸೆಕ್ಷನ್ 54 ಕಳೆದು 25,70,866 ಉಳಿಯುತ್ತದೆ. ಅದರ 20% ಅಂದರೆ 5,14,173. ಇನ್ನೊಂದು ಕಡೆ 12.5% ಲೆಕ್ಕ ಅದೇ 3,75,000. ಇಲ್ಲಿ ಹೊಸ ರೇಟೇ ಕಡಿಮೆ. ಹಾಗಾಗಿ ಬಿಡುವ ಜಾಸ್ತಿ ಮೊತ್ತವೇ ಇಲ್ಲ. ಬೆಲೆ ಎಷ್ಟು ಬೇಗ ಏರಿತು ಎಂಬುದರ ಮೇಲೆ ಇದು ನಿಂತಿದೆ. ಎರಡೂ ಲೆಕ್ಕ ಮಾಡದೆ ಊಹೆಯಲ್ಲಿ ಬರೆಯಬೇಡಿ.

ಪ್ರಶ್ನೆಯಲ್ಲಿ ಮಾರಿದವರು ನಾನ್ ರೆಸಿಡೆಂಟ್ ಎಂದಿದ್ದರೆ ಈ ಹೋಲಿಕೆಯೇ ಇಲ್ಲ. ದುಬೈನಲ್ಲೋ ಅಮೆರಿಕದಲ್ಲೋ ಇರುವ ಮಗ ಊರಿನ ಮನೆ ಮಾರಿದ ಪ್ರಶ್ನೆಗಳು ನಮ್ಮ ಹಳೆಯ ಪೇಪರ್‌ಗಳಲ್ಲಿ ಬೇಕಾದಷ್ಟಿವೆ. ಆಗೆಲ್ಲ ಮನೆಯ ಲಾಭಕ್ಕೆ ರೆಸಿಡೆಂಟ್‌ಗೂ ಅವನಿಗೂ ಒಂದೇ ಉತ್ತರ ಬರುತ್ತಿತ್ತು. ಈಗ ನಮ್ಮ ಲೆಕ್ಕದ ಮನೆಯನ್ನೇ ಅವನು ಮಾರಿದರೆ 3,75,000 ಪೂರ್ತಿ ಕಟ್ಟಬೇಕು. ಮೊದಲು ಸುಮ್ನೆ ಓದಿ ಬಿಡುತ್ತಿದ್ದ "ರೆಸಿಡೆಂಟ್" ಎಂಬ ಪದ ಈಗ ಉತ್ತರವನ್ನೇ ತಿರುಗಿಸುತ್ತದೆ. ಹಳೆಯ ಪ್ರಶ್ನೆಯಲ್ಲಿ ಆ ಮಾಹಿತಿ ಇಲ್ಲದಿದ್ದರೆ ನೀವೇ ಸೇರಿಸಬೇಕು.

ಹಳೆಯ ಉತ್ತರದಲ್ಲಿ "ಶಾರ್ಟ್ ಟರ್ಮ್" ಎಂದಿದೆ. ಅದನ್ನೂ ಮತ್ತೆ ನೋಡಬೇಕೇ?

ನೋಡಲೇಬೇಕು. ಮೊದಲು ಮನೆ, ಜಮೀನಿಗೆ 36 ತಿಂಗಳ ಗಡಿ ಇತ್ತು. 2017ರ ಫೈನಾನ್ಸ್ ಆಕ್ಟ್ ಅದನ್ನು 24 ತಿಂಗಳಿಗೆ ಇಳಿಸಿತು. ಮೇ 2013ರಲ್ಲಿ ಕೊಂಡು ಡಿಸೆಂಬರ್ 2015ರಲ್ಲಿ ಮಾರಿದ ಮನೆ 31 ತಿಂಗಳದ್ದು. ಆಗ ಶಾರ್ಟ್ ಟರ್ಮ್. ಎರಡೂ ದಿನಾಂಕವನ್ನು ಒಂಬತ್ತು ವರ್ಷ ಮುಂದೆ ತಂದರೆ ಅದೇ 31 ತಿಂಗಳು, ಆದರೆ ಈಗ ಲಾಂಗ್ ಟರ್ಮ್. ಹಳೆಯ ಉತ್ತರದಲ್ಲಿ "ಶಾರ್ಟ್ ಟರ್ಮ್ ಆದ್ದರಿಂದ ಸೆಕ್ಷನ್ 54 ಸಿಗುವುದಿಲ್ಲ" ಎಂಬ ಸಾಲು ಇರುತ್ತದೆ. ಅದೂ ಬೀಳುತ್ತದೆ. ಸ್ಲ್ಯಾಬ್ ರೇಟೂ ಬೀಳುತ್ತದೆ. ಒಂದು ಕಲ್ಲು ಸರಿದರೆ ಮೇಲಿನದ್ದೆಲ್ಲ ಸರಿಯುತ್ತದೆ. ಅದಕ್ಕೇ ಯಾವಾಗಲೂ ಮೇಲಿನಿಂದ ಕೆಳಕ್ಕೆ ತಿದ್ದಿ: ಯಾವ ತರಹದ ಆಸ್ತಿ, ಎಷ್ಟು ತಿಂಗಳು, ವೆಚ್ಚ, ವಿನಾಯಿತಿ, ರೇಟ್, ಕೊನೆಗೆ ಸೆಸ್.

ಪ್ರಶ್ನೆಯಲ್ಲಿ "1-4-1981ರ ಮಾರುಕಟ್ಟೆ ಬೆಲೆ 2 ಲಕ್ಷ" ಎಂದಿದೆ. ಅದನ್ನು 2001ಕ್ಕೆ ಹೇಗೆ ಪರಿವರ್ತಿಸುವುದು?

ಪರಿವರ್ತಿಸಲು ಆಗುವುದಿಲ್ಲ. ಹಳೆಯ ಪಟ್ಟಿಯಲ್ಲಿ 2001-02ಕ್ಕೆ 426 ಇದೆ, ಹಾಗಾಗಿ 2 ಲಕ್ಷ ಗುಣಿಸು 4.26 ಅಂತ ಮಾಡುವವರನ್ನು ನೋಡಿದ್ದೇನೆ. ಅದು ಕಾನೂನು ಕೇಳುವ ಬೆಲೆ ಅಲ್ಲ. 1-4-2001ರಂದು ಆ ಆಸ್ತಿಗೆ ಮಾರುಕಟ್ಟೆಯಲ್ಲಿ ಎಷ್ಟಿತ್ತು ಎಂಬುದು ಒಂದು ಹೊಸ ಸಂಗತಿ. ಪ್ರಶ್ನೆಯಲ್ಲಿ ಅದು ಇಲ್ಲ ಅಂದರೆ ನೀವೇ ಒಂದು ಮೊತ್ತ ಕೊಟ್ಟು, "ಈ ಮಾಹಿತಿ ಸೇರಿಸಿದ್ದು" ಅಂತ ಬರೆಯಬೇಕು. ಅಸೆಸ್‌ಮೆಂಟ್ ಇಯರ್ 2021-22ರಿಂದ ಇನ್ನೊಂದು ಮಿತಿಯೂ ಬಂದಿದೆ. ಜಮೀನು, ಕಟ್ಟಡದ ವಿಷಯದಲ್ಲಿ 2001ರ ಆ ಬೆಲೆ, ಅವತ್ತಿನ ಸ್ಟ್ಯಾಂಪ್ ಡ್ಯೂಟಿ ಮೌಲ್ಯ ಸಿಗುವಂತಿದ್ದರೆ ಅದನ್ನು ಮೀರುವಂತಿಲ್ಲ. ಹಾಗಾಗಿ ಎರಡು ಅಂಕಿ ಸೇರಿಸಿದರೆ ಪ್ರಶ್ನೆ ಗಟ್ಟಿಯಾಗುತ್ತದೆ.

"1-4-2018ರಿಂದ ಜಾರಿ" ಅಂದರೆ ಆ ದಿನದ ನಂತರದ ಮಾರಾಟಕ್ಕೆ ಅಂತಲೇ?

ಬಹಳಷ್ಟು ಸಲ ಅಲ್ಲ. ಫೈನಾನ್ಸ್ ಆಕ್ಟ್‌ನಲ್ಲಿ ಆದಾಯ ಲೆಕ್ಕ ಮಾಡುವ ಸೆಕ್ಷನ್ ಒಂದು 1-4-2018ರಿಂದ ಜಾರಿ ಎಂದರೆ, ಅದು ಅಸೆಸ್‌ಮೆಂಟ್ ಇಯರ್ 2018-19ಕ್ಕೆ ಅನ್ವಯ. ಅಂದರೆ 2017-18ರಲ್ಲಿ ಬಂದ ಆದಾಯಕ್ಕೆ. 24 ತಿಂಗಳ ನಿಯಮ ಹೀಗೇ ಬಂತು. ಹಾಗಾಗಿ ಮೇ 2017ರಲ್ಲಿ ಮನೆ ಮಾರಿದವರಿಗೂ ಅದು ಸಿಕ್ಕಿತು. ಒಂದು ವರ್ಷ ತಡವಾಗಿ ಅನ್ವಯಿಸಿ ತಪ್ಪು ಮಾಡುವವರು ಜಾಸ್ತಿ.

ಆದರೆ 2024ರಲ್ಲಿ 12.5% ಹೀಗೆ ಬರಲಿಲ್ಲ. ಅದು ಮಾರಾಟದ ದಿನಾಂಕಕ್ಕೇ ಕಟ್ಟಿದ ನಿಯಮ. ತಿದ್ದುಪಡಿ ಓದುವಾಗ ಎರಡು ಕಡೆ ಬೆರಳಿಟ್ಟು ನೋಡಿ: ಯಾವ ದಿನದಿಂದ ಜಾರಿ ಎಂಬ ಸಾಲು, ಮತ್ತು ಸೆಕ್ಷನ್ ಒಳಗೇ "ಇಂಥ ದಿನ ಅಥವಾ ಅದರ ನಂತರ ಆದ ವರ್ಗಾವಣೆ" ಎಂಬ ಮಾತು ಇದೆಯೇ ಎಂಬುದು. ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ಕಾಯ್ದೆಯ ಪಠ್ಯ ಸಿಗುತ್ತದೆ. ಬಜೆಟ್ ಜೊತೆ ಬರುವ ವಿವರಣಾ ಮೆಮೊರಾಂಡಮ್‌ನಲ್ಲಿ ಪ್ರತಿ ಬದಲಾವಣೆ ಯಾವ ವರ್ಷದಿಂದ ಎಂದು ಬಿಡಿಸಿ ಹೇಳಿರುತ್ತಾರೆ. ಮೆಮೊರಾಂಡಮ್ ಬರುವುದು ಬಿಲ್ ಜೊತೆ. ಪಾಸಾಗುವಾಗ ಬಿಲ್ ಬದಲಾಗಬಹುದು. ಮೇಲೆ ಹೇಳಿದ ಮನೆಯ ರಿಯಾಯಿತಿ 2024ರ ಜುಲೈ ಬಿಲ್‌ನಲ್ಲಿ ಇರಲಿಲ್ಲ, ಆಮೇಲೆ ಸೇರಿದ್ದು. ಬಜೆಟ್ ಮರುದಿನ ನೋಟ್ಸ್ ತಿದ್ದಿದವರು ಅದನ್ನು ಮತ್ತೆ ತಿದ್ದಬೇಕಾಯಿತು. ಕಾಯ್ದೆಯಾದ ಮೇಲಿನ ಪಠ್ಯವನ್ನೇ ಇಟ್ಟುಕೊಳ್ಳಿ.

ಸಂಬಳದ ಲೆಕ್ಕಗಳಲ್ಲಿ ಏನು ನೋಡಬೇಕು?

ಮುಖ್ಯವಾಗಿ ಒಂದು ವಿಷಯ. ಅಸೆಸ್‌ಮೆಂಟ್ ಇಯರ್ 2024-25ರಿಂದ ಹೊಸ ರೆಜೀಮ್ ತಾನಾಗಿಯೇ ಅನ್ವಯ. ಹಳೆಯ ಪ್ರಶ್ನೆಯಲ್ಲಿ ಎಲ್‌ಐಸಿ, ಪಿಎಫ್ ಕೊಟ್ಟು 80ಸಿ ಕಳೆದಿರುತ್ತಾರೆ. ಹೊಸ ವರ್ಷಕ್ಕೆ ತರುವಾಗ "ಹಳೆಯ ರೆಜೀಮ್ ಆರಿಸಿಕೊಂಡಿದ್ದಾರೆ" ಎಂಬ ಒಂದು ಸಾಲು ಪ್ರಶ್ನೆಗೆ ಸೇರಿಸದಿದ್ದರೆ ಆ ಕಡಿತವೇ ನಿಲ್ಲುವುದಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಅದರ ಮೇಲೆಯೇ ನಿಂತಿದೆ. 2025-26ಕ್ಕೆ ಹೊಸದರಲ್ಲಿ 75,000, ಹಳೆಯದರಲ್ಲಿ 50,000.

ಹಳೆಯ ಉತ್ತರದಲ್ಲಿ ಕೋರ್ಟ್ ತೀರ್ಪು ಹಾಕಿದ್ದಾರೆ. ಅದನ್ನು ಇಟ್ಟುಕೊಳ್ಳಬಹುದೇ?

ಆ ತೀರ್ಪು ಯಾವ ಪದದ ಮೇಲೆ ನಿಂತಿತ್ತು, ಆ ಪದ ಇನ್ನೂ ಇದೆಯೇ ಎಂದು ನೋಡಿ. ನಮ್ಮ ಕರ್ನಾಟಕ ಹೈಕೋರ್ಟಿನ ಆನಂದ ಬಸಪ್ಪ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಸೆಕ್ಷನ್ 54ರಲ್ಲಿ ಆಗ ಇಂಗ್ಲಿಷಿನಲ್ಲಿ "ಎ ರೆಸಿಡೆನ್ಶಿಯಲ್ ಹೌಸ್" ಎಂದಿತ್ತು. ಆ "ಎ" ಎಂದರೆ ಒಂದೇ ಅಂತ ಅರ್ಥವಲ್ಲ ಎಂದು ಕೋರ್ಟ್ ಹೇಳಿ, ಪಕ್ಕಪಕ್ಕದ ಎರಡು ಫ್ಲ್ಯಾಟ್‌ಗೂ ವಿನಾಯಿತಿ ಕೊಟ್ಟಿತು. 2014ರ ಎರಡನೇ ಫೈನಾನ್ಸ್ ಆಕ್ಟ್ ಆ ಪದಗಳನ್ನೇ ತೆಗೆದು "ಭಾರತದಲ್ಲಿ ಒಂದು ವಾಸದ ಮನೆ" ಎಂದು ಮಾಡಿತು. ಇದು ಅಸೆಸ್‌ಮೆಂಟ್ ಇಯರ್ 2015-16ರಿಂದ.

ಎರಡು ಬೇರೆ ಬೇರೆ ಊರಿನ ಮನೆಗೆ ಈ ತೀರ್ಪು ತೋರಿಸಿ ವಿನಾಯಿತಿ ಕೊಟ್ಟ ಉತ್ತರ ಈಗ ಹಾಗೇ ನಿಲ್ಲುವುದಿಲ್ಲ. ಆದರೆ ಕಥೆ ಅಲ್ಲಿಗೂ ಮುಗಿಯಲಿಲ್ಲ. ಅಸೆಸ್‌ಮೆಂಟ್ ಇಯರ್ 2020-21ರಿಂದ, ಲಾಭ 2 ಕೋಟಿ ಮೀರದಿದ್ದರೆ ಜೀವನದಲ್ಲಿ ಒಂದು ಸಲ ಎರಡು ಮನೆಗೆ ವಿನಾಯಿತಿ ಪಡೆಯಬಹುದು. ಹಾಗಾಗಿ ಉತ್ತರದ ಅಂಕಿ ಕೆಲವೊಮ್ಮೆ ಹಳೆಯದೇ ಬರುತ್ತದೆ, ಕಾರಣ ಮಾತ್ರ ಬೇರೆ. ಅಂಕಿ ತಾಳೆಯಾಯಿತು ಅಂತ ಕಾರಣವನ್ನು ಹಾಗೇ ಬಿಟ್ಟರೆ, ಥಿಯರಿಗೆ ಇರುವ ಮಾರ್ಕ್ಸ್ ಪೂರ್ತಿ ಹೋಗುತ್ತದೆ.

ಆಡಿಟ್ ಉತ್ತರಗಳಿಗೂ ಇದೇ ಕ್ರಮವೇ?

ಕ್ರಮ ಇದೇ. ನೋಡಬೇಕಾದ ದಿನಾಂಕ ಮಾತ್ರ ಬೇರೆ. ಟ್ಯಾಕ್ಸ್‌ನಲ್ಲಿ ನಾವು ಮಾರಾಟದ ದಿನ ನೋಡಿದೆವು. ಆಡಿಟ್‌ನಲ್ಲಿ ಸಾಮಾನ್ಯವಾಗಿ ನೋಡುವುದು ಲೆಕ್ಕಪತ್ರ ಯಾವ ಹಣಕಾಸು ವರ್ಷದ್ದು ಎಂಬುದನ್ನು. ರಿಪೋರ್ಟಿಗೆ ಸಹಿ ಹಾಕಿದ ದಿನ ಲೆಕ್ಕಕ್ಕಿಲ್ಲ. ಕಂಪನಿಯ ಆಡಿಟ್ ರಿಪೋರ್ಟಿನಲ್ಲಿ ಏನೇನು ಹೇಳಬೇಕು ಎಂದು ಪಟ್ಟಿ ಮಾಡುವ ಕಾರೋ 2020 ಆದೇಶ ಹೊರಬಂದದ್ದು ಫೆಬ್ರವರಿ 2020ರಲ್ಲಿ. ಆದರೆ ಜಾರಿಯನ್ನು ಮುಂದೂಡಿ, ಕೊನೆಗೆ 1 ಏಪ್ರಿಲ್ 2021ರಂದು ಅಥವಾ ನಂತರ ಶುರುವಾಗುವ ವರ್ಷಗಳಿಗೆ ಎಂದು ಮಾಡಿದರು. 2020-21ರ ಲೆಕ್ಕಕ್ಕೆ ಆಗಸ್ಟ್ 2021ರಲ್ಲಿ ಸಹಿ ಹಾಕಿದ ರಿಪೋರ್ಟಿಗೆ ಕಾರೋ 2016ರದ್ದೇ ನಿಯಮ.

ಒಂದು ಪ್ರಶ್ನೆ ತೆಗೆದುಕೊಳ್ಳಿ. ಕಂಪನಿಯೊಂದು ಇನ್ನೊಂದು ಕಂಪನಿಯಿಂದ 50 ಲಕ್ಷ ಸಾಲ ತಂದು ಗಡುವಿಗೆ ತೀರಿಸಿಲ್ಲ. ಸಾಲ ಕೊಟ್ಟ ಕಂಪನಿ ಬ್ಯಾಂಕ್ ಅಲ್ಲ, ಹಣಕಾಸು ಸಂಸ್ಥೆಯೂ ಅಲ್ಲ. ಆಡಿಟರ್ ಕಾರೋದಲ್ಲಿ ವರದಿ ಮಾಡಬೇಕೇ? 2016ರ ಆದೇಶದ ಎಂಟನೇ ಕ್ಲಾಸ್ ಹೇಳಿದ್ದು ಹಣಕಾಸು ಸಂಸ್ಥೆ, ಬ್ಯಾಂಕ್, ಸರ್ಕಾರ ಮತ್ತು ಡಿಬೆಂಚರ್ ಹೊಂದಿದವರನ್ನು ಮಾತ್ರ. ಹಾಗಾಗಿ ಹಳೆಯ ಉತ್ತರ "ಈ ಕ್ಲಾಸ್‌ನಲ್ಲಿ ಬೇಕಿಲ್ಲ". 2020ರ ಆದೇಶದ ಒಂಬತ್ತನೇ ಕ್ಲಾಸ್ "ಸಾಲ ಕೊಟ್ಟ ಯಾರಿಗೇ ಆಗಲಿ" ಎನ್ನುತ್ತದೆ, ಅಂದರೆ ಅವರು ಬ್ಯಾಂಕ್ ಆಗಿರಬೇಕಿಲ್ಲ. ಬಡ್ಡಿ ಕಟ್ಟದಿದ್ದರೂ ಸೇರುತ್ತದೆ. ಹೊಸ ಉತ್ತರ "ವರದಿ ಮಾಡಲೇಬೇಕು, ಅವಧಿ ಮತ್ತು ಮೊತ್ತವನ್ನು ಆದೇಶದಲ್ಲಿ ಕೊಟ್ಟ ನಮೂನೆಯಲ್ಲಿ ತೋರಿಸಬೇಕು". ಇಲ್ಲಿ ಪ್ರಶ್ನೆಯ ಒಂದು ಪದವೂ ಬದಲಾಗಿಲ್ಲ. ವರ್ಷ ಬದಲಾಗಿದ್ದಕ್ಕೇ ಉತ್ತರ ತಿರುಗಿ ನಿಂತಿದೆ.

ಸ್ಟಾಕ್ ಎಣಿಸುವ ಪ್ರಶ್ನೆಗಳಲ್ಲೂ ಹೀಗೇ. ಮೊದಲು "ಗಣನೀಯ ವ್ಯತ್ಯಾಸ" ಎಂಬ ಮಾತಿತ್ತು, ಅದರ ಮೇಲೆ ಅರ್ಧ ಪುಟ ಚರ್ಚೆ ಬರೆಯುತ್ತಿದ್ದೆವು. ಈಗ ಪ್ರತಿ ಬಗೆಯ ಸರಕಿಗೂ ಒಟ್ಟು 10% ಅಥವಾ ಹೆಚ್ಚು ಎಂಬ ಅಳತೆ ಇದೆ. ಹಳೆಯ ಪ್ರಶ್ನೆಯಲ್ಲಿ ಶೇಕಡಾವಾರು ಕೊಟ್ಟಿಲ್ಲದಿದ್ದರೆ ಅದನ್ನು ಸೇರಿಸಿ.

ತಿದ್ದಲೇಬಾರದ ಪ್ರಶ್ನೆಗಳು ಇವೆಯೇ?

ಇವೆ. ಕಾನೂನೇ ಹೋಗಿಬಿಟ್ಟ ಪ್ರಶ್ನೆಗಳು. ವೆಲ್ತ್ ಟ್ಯಾಕ್ಸ್ ಅಸೆಸ್‌ಮೆಂಟ್ ಇಯರ್ 2016-17ರಿಂದ ಇಲ್ಲ. ಆ ಲೆಕ್ಕಗಳನ್ನು ಪಕ್ಕಕ್ಕಿಡಿ. ಡಿವಿಡೆಂಡ್ ಪ್ರಶ್ನೆ ಹಾಗಲ್ಲ. ಮೊದಲು ಕಂಪನಿಯೇ ವಿತರಣಾ ತೆರಿಗೆ ಕಟ್ಟುತ್ತಿತ್ತು, ಷೇರುದಾರರ ಕೈಯಲ್ಲಿ ಸಾಮಾನ್ಯವಾಗಿ ವಿನಾಯಿತಿ ಇತ್ತು. 1 ಏಪ್ರಿಲ್ 2020ರ ನಂತರದ ಡಿವಿಡೆಂಡ್‌ಗೆ ಷೇರುದಾರರೇ ತೆರಿಗೆ ಕಟ್ಟಬೇಕು. ಇದನ್ನು ತಿದ್ದಿದರೆ ಒಳ್ಳೆಯ ಪ್ರಶ್ನೆಯಾಗುತ್ತದೆ.

2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಎಲ್ಲ ನೋಟ್ಸ್ ಎಸೆಯಬೇಕೇ?

ಬೇಡ. ಹೊಸ ಕಾಯ್ದೆ 1 ಏಪ್ರಿಲ್ 2026ರಿಂದ ಜಾರಿ. 2025-26ರಲ್ಲಿ ಬಂದ ಆದಾಯಕ್ಕೆ, ಅಂದರೆ ಅಸೆಸ್‌ಮೆಂಟ್ ಇಯರ್ 2026-27ಕ್ಕೆ, 1961ರ ಕಾಯ್ದೆಯೇ. ಹೊಸದರಲ್ಲಿ ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಎಂಬ ಜೋಡಿಯ ಬದಲು "ಟ್ಯಾಕ್ಸ್ ಇಯರ್" ಎಂಬ ಒಂದೇ ಮಾತು. ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಉದಾಹರಣೆಗೆ ಹೊಸ ರೆಜೀಮಿನ 115ಬಿಎಸಿ ಈಗ 202. ಹಳೆಯ ಉತ್ತರದ ಅಂಚಿನಲ್ಲಿ ಹೊಸ ನಂಬರನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಎರಡು ಕಾಯ್ದೆಯ ನಂಬರ್‌ಗಳನ್ನು ಒಂದೇ ಉತ್ತರದಲ್ಲಿ ಬೆರೆಸಬೇಡಿ.

ತಿದ್ದಿದ ಉತ್ತರದ ಮೇಲೆ ಏನು ಬರೆದಿಡಬೇಕು?

ನಾನು ನಾಲ್ಕು ಸಾಲು ಬರೆಯುತ್ತೇನೆ. ನಮ್ಮ ಲೆಕ್ಕಕ್ಕೆ ಅದು ಹೀಗಿದೆ:

```
ಮೂಲ ಪ್ರಶ್ನೆ: ಅಸೆಸ್‌ಮೆಂಟ್ ಇಯರ್ 2016-17. ಹಳೆಯ ಉತ್ತರ 3,75,940
ತಿದ್ದಿದ್ದು: ಅಸೆಸ್‌ಮೆಂಟ್ ಇಯರ್ 2025-26, ಎರಡನೇ ಫೈನಾನ್ಸ್ ಆಕ್ಟ್ 2024
ಬದಲಿಸಿದ ಸಂಗತಿ: ಮಾರಾಟ ಡಿಸೆಂಬರ್ 2024, ಹೊಸ ಮನೆ ಮಾರ್ಚ್ 2025
ಹೊಸ ಉತ್ತರ: ಆದಾಯ 30,00,000. ತೆರಿಗೆ 1,86,670
```

ಹಳೆಯ ಉತ್ತರದ ಹಾಳೆಯನ್ನು ಇದರ ಹಿಂದೆಯೇ ಪಿನ್ ಮಾಡಿ ಇಡುತ್ತೇನೆ. ಮುಂದಿನ ಬಜೆಟ್ ನಂತರ ಯಾವ ಸಾಲು ಸರಿಯಿತು ಎಂದು ಹುಡುಕಲು ಆ ಎರಡು ಹಾಳೆ ಪಕ್ಕಪಕ್ಕ ಬೇಕಾಗುತ್ತವೆ.